ಕುಕ್ಕರಿನ ಮೂರನೇ ಸೀಟಿ ಯಾರದು

ಇದನ್ನು ನೀವು ನಂಬುವುದಿಲ್ಲ. ಬೇಕಾದರೆ ಬರೆದು ಸಹಿ ಮಾಡಿಕೊಡುತ್ತೇನೆ. ನನ್ನ ಸಹಿ ಎಷ್ಟು ಚೆಂದ ಎಂದರೆ ಅದನ್ನು ನೋಡಿಯಾದರೂ ಅರ್ಧ ಜನ ನಂಬಬಹುದು. ಉಳಿದರ್ಧ ಜನರಿಗೆ ನಾನು ಮಾಡಲು ಏನೂ ಇಲ್ಲ.

ಪುಣೆಯ ನಿಗಡಿಯಲ್ಲಿ ನಮ್ಮ ಮನೆಯಿಂದ ಎರಡು ಗಲ್ಲಿ ದಾಟಿದರೆ ಅಕ್ಕೋರ ಮನೆ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಕನ್ನಡ ಶಾಲೆಗೆ ಹೋಗದ ನಮ್ಮಂಥ ಹತ್ತು-ಹನ್ನೆರಡು ಮಕ್ಕಳನ್ನು ಪ್ರತಿ ಭಾನುವಾರ ಮಧ್ಯಾಹ್ನ ಕೂಡಿಸಿಕೊಂಡು ಕನ್ನಡ ಬರೆಸುತ್ತಾರೆ. ವರ್ಷಕ್ಕೆ ಮೂರು ಸಲ, ಯುಗಾದಿ, ಗಣಪತಿ ಹಬ್ಬ, ದೀಪಾವಳಿಗೆ, ಒಂದು ಕೈಬರಹದ ಪತ್ರಿಕೆ ತರುತ್ತಾರೆ. ಕಂಪ್ಯೂಟರಿನಲ್ಲಿ ಟೈಪು ಮಾಡಿದ ಕನ್ನಡವನ್ನು ಅಕ್ಕೋರು ಕನ್ನಡ ಎಂದು ಒಪ್ಪುವುದಿಲ್ಲ. ಒಬ್ಬರು ಕುಳಿತು ಎಲ್ಲರ ಬರಹವನ್ನೂ ಒಂದೇ ಕೈಯಲ್ಲಿ ಚೆಂದಾಗಿ ನಕಲು ಮಾಡಬೇಕು, ಆಮೇಲೆ ಅರವತ್ತು ಝೆರಾಕ್ಸ್.

ಆ ಒಬ್ಬರು ನಾನು. ಮೂರು ವರ್ಷದಿಂದ. ನನ್ನ ಅಕ್ಷರ ಹೇಗಿದೆ ಎಂದರೆ, ಝೆರಾಕ್ಸ್ ಅಂಗಡಿಯ ಕಾಕಾ ಮರಾಠಿಯವನು, ಒಂದಕ್ಷರ ಕನ್ನಡ ಬಾರದು. ಆದರೂ ಮಷಿನ್ ನಿಲ್ಲಿಸಿ ನೋಡುತ್ತಾನೆ. ಹಿಂದೆ ನಿಂತ ಸಾಲು ರಸ್ತೆಗೆ ಬಂದು ಟ್ರಾಫಿಕ್ ಜಾಮ್ ಆಗುತ್ತದೆ. ಸರಿ, ಜಾಮ್ ಆದದ್ದು ಒಂದೇ ಸಲ, ಅದೂ ಬೇರೆ ಕಾರಣಕ್ಕೆ.

ಅಕ್ಷರ ನನ್ನದು. ಆದರೆ ಮೊದಲನೇ ಪುಟ ಮಾತ್ರ ಯಾವಾಗಲೂ ಖರಾಡಿಯವಳದು.

ಖರಾಡಿಯವಳೆಂದರೆ ನನ್ನದೇ ವಯಸ್ಸಿನ ಹುಡುಗಿ, ಹದಿನಾರು. ಅಪ್ಪ-ಅಮ್ಮ ಇಬ್ಬರೂ ಐಟಿ, ಮೈಸೂರಿನ ಕಡೆಯವರು. ಊರಿನ ಆ ತುದಿಯಿಂದ ಈ ತುದಿಗೆ ಕಾರಿನಲ್ಲಿ ಬರುತ್ತಾಳೆ. ಕಾರು ಎಷ್ಟು ಮೆತ್ತಗೆ ಬರುತ್ತದೆ ಎಂದರೆ ನಮ್ಮ ಗಲ್ಲಿಯ ನಾಯಿಗಳಿಗೆ ಬೊಗಳಲು ಕಾರಣವೇ ಸಿಗದೆ ಅವಮಾನವಾಗುತ್ತದೆ. ಇಳಿಯುವಾಗ ಕೈಯಲ್ಲಿ ಕೋಡುಬಳೆಯ ಡಬ್ಬಿ. ಕೋಡುಬಳೆಯೂ ಚೆನ್ನಾಗಿರುತ್ತದೆ, ಅದು ಇನ್ನೊಂದು ಸಂಕಟ. ಅವಳು ಬರೆದದ್ದನ್ನು ಅಕ್ಕೋರು ಓದಿದರೆ ಕೋಣೆ ಸುಮ್ಮನಾಗುತ್ತದೆ. ನಾನು ಬರೆದದ್ದನ್ನು ಓದಿದರೆ ಫ್ಯಾನಿನ ಸದ್ದು ಕೇಳಿಸುತ್ತದೆ. ಎರಡೂ ಮೌನವೇ, ಆದರೆ ಎರಡಕ್ಕೂ ಇರುವ ವ್ಯತ್ಯಾಸ ನನ್ನ ಹೊಟ್ಟೆಗೆ ಗೊತ್ತು.

ನಾನು ಸೇಡು ತೀರಿಸಿಕೊಂಡಿಲ್ಲವೆಂದಲ್ಲ. ಅವಳ ಕತೆ ನಕಲು ಮಾಡುವಾಗ ಪೂರ್ಣವಿರಾಮವನ್ನು ಸೊಳ್ಳೆಯ ಕಣ್ಣಿನಷ್ಟು ಸಣ್ಣದಾಗಿ ಹಾಕುತ್ತಿದ್ದೆ. ಅಲ್ಲಲ್ಲಿ ಅವಳ ಮಾತು ಸಪ್ಪೆ ಎನಿಸಿದರೆ ಒಂದು ಪದ ಬದಲಿಸುತ್ತಿದ್ದೆ. ಉಪಕಾರವೆಂದಲ್ಲ, ಸಹಿಸಲಾಗದೆ.

ಅಕ್ಕೋರಿಗೆ ಒಂದು ಕಟ್ಟುನಿಟ್ಟು ಇತ್ತು. ನಕಲು ಮಾಡುವವರು ಪಕ್ಕದಲ್ಲಿ ಕೆಂಪು ರಟ್ಟಿನ ಒಂದು ನೋಟ್‌ಬುಕ್ ಇಟ್ಟುಕೊಳ್ಳಬೇಕು. ನಕಲಿಸುವಾಗ ಯಾವ ಸಾಲು ಇಷ್ಟವಾಯಿತೋ, ಯಾವುದನ್ನು ತಿದ್ದಿದೆವೋ, ಅದನ್ನು ಬರೆದವರ ಹೆಸರಿನ ಸಮೇತ ಅದರಲ್ಲಿ ಬರೆದಿಡಬೇಕು. ಸ್ವಂತ ಕತೆ ಬರೆಯುವವರಿಗೂ ಒಂದು ನೇಮವಿತ್ತು: ಬರೆದ ಕತೆಯನ್ನು ಎಂಟು ದಿನ ಮುಚ್ಚಿಡಬೇಕು, ಆಮೇಲೆ ತೆಗೆದು, ತನಗೆ ತುಂಬಾ ಹೆಮ್ಮೆಯೆನಿಸಿದ ಪ್ರತಿ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಅದು ಎಲ್ಲಿಂದ ಬಂತೆಂದು ಬರೆಯಬೇಕು. ನಾನು ಇದನ್ನೆಲ್ಲ ವಯಸ್ಸಾದವರ ಮಡಿ ಎಂದುಕೊಂಡಿದ್ದೆ.

"ಸಲೀಸಾಗಿ ಬಂದ ಸಾಲಿನ ಮ್ಯಾಲೆ ಭಾಳ ಸಂಶಯ ಇರ್ಲಿ," ಎನ್ನುತ್ತಿದ್ದರು ಅಕ್ಕೋರು. "ಕಷ್ಟಪಟ್ಟು ಬಂದದ್ದು ನಿಂದ. ಓಡಿ ಬಂದದ್ದು ಯಾರ ಮನಿಯಿಂದ ಬಂತೋ ವಿಚಾರಸು."

"ನಂಗ ಎಲ್ಲಾ ಓಡಿನ ಬರ್ತಾವ್ರಿ ಅಕ್ಕೋರ," ಎಂದೆ ನಾನು.

"ಅದಕ್ಕ ಹೇಳಾಕತ್ತೀನಿ."

ಈ ವರ್ಷ ಯುಗಾದಿ ಸಂಚಿಕೆಗೆ ನಾನೂ ಕತೆ ಬರೆಯುತ್ತೇನೆ, ಮೊದಲನೇ ಪುಟ ನನ್ನದೇ ಎಂದು ಎಲ್ಲರೆದುರು ಘೋಷಿಸಿದೆ. ಮನೆಯಲ್ಲಿ ಘೋಷಿಸಿದೆ. ಕಾಲೇಜಿನಲ್ಲಿ ಮರಾಠಿಯಲ್ಲಿ ಘೋಷಿಸಿದೆ. ಊರಿಗೆ ಫೋನು ಮಾಡಿ ಕಲಬುರ್ಗಿಯ ಚಿಕ್ಕಮ್ಮನಿಗೂ ಘೋಷಿಸಿದೆ. ಇನ್ನು ಹಿಂದೆ ಸರಿಯುವ ದಾರಿಯಿರಲಿಲ್ಲ.

ಕತೆ ಹೊಳೆದದ್ದು ಸುಲಭ. ನಮ್ಮ ದೊಡ್ಡಪ್ಪನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ಗಂಡಿನವರು ಪಗಾರ ಹೆಚ್ಚಿಸಿ ಹೇಳುತ್ತಾರೆ, ನಮ್ಮವರು ಹುಡುಗಿಯ ಅಡುಗೆ ಹೆಚ್ಚಿಸಿ ಹೇಳುತ್ತಾರೆ, ಸುಳ್ಳಿನ ಮೇಲೆ ಸುಳ್ಳು. ಆದರೆ ಎಲ್ಲರ ಸುಳ್ಳನ್ನು ಒಮ್ಮೆಲೇ ನಿಲ್ಲಿಸುವ ಒಂದು ಸಾಲು ಬೇಕಿತ್ತು. ನಾಲ್ಕು ದಿನ ಬರಲಿಲ್ಲ. ಐದನೆಯ ದಿನ, ಕಾಲೇಜಿನಿಂದ ಬರುವಾಗ, ಬಸ್ಸು ಆಕುರ್ಡಿಯ ಸಿಗ್ನಲ್ಲಿಗೆ ನಿಂತಾಗ, ಮುಂದಿನ ಸೀಟಿನ ಅಜ್ಜಿಯ ಚೀಲದಿಂದ ಮೆಂತ್ಯೆ ಸೊಪ್ಪು ನನ್ನ ಮೂಗಿಗೆ ತಾಗುತ್ತಿದ್ದಾಗ, ಆ ಸಾಲು ಬಂದೇ ಬಿಟ್ಟಿತು:

"ಕುಕ್ಕರಿನ ಮೂರನೇ ಸೀಟಿಗೆ ಮನೆಮಂದಿಯೆಲ್ಲ ಸುಮ್ಮನಾದರು, ಯಾರೋ ನಿಜ ಹೇಳಿಬಿಟ್ಟ ಹಾಗೆ."

ಒಂದಕ್ಷರ ಹಿಂದೆ ಮುಂದೆ ಮಾಡಬೇಕಾಗಲಿಲ್ಲ. ಪೂರ್ತಿ ಉಡುಪು ತೊಟ್ಟು, ತಲೆ ಬಾಚಿಕೊಂಡು ಬಂದಿತ್ತು. ಆ ಅಜ್ಜಿಗೆ ಓದಿ ಹೇಳೋಣವೆಂದುಕೊಂಡೆ. ಈ ಕ್ಷಣದ ಬಗ್ಗೆ ಮಾತ್ರ ನಾನು ಒಂದಿಷ್ಟೂ ಹಿಗ್ಗಿಸುತ್ತಿಲ್ಲ. ಆ ಸಾಲು ನನ್ನೊಳಗೆ, ಆ ಬಸ್ಸಿನಲ್ಲೇ ಹುಟ್ಟಿತು ಎಂದು ದೇವರ ಮುಂದೆ ಹೇಳಲು ತಯಾರಿದ್ದೆ.

ಆದರೂ ಜಾಣೆಯಲ್ಲವೇ, ಪರೀಕ್ಷೆ ಮಾಡಿದೆ. ಸಾಲನ್ನು ಫೋನಿನಲ್ಲಿ ಹುಡುಕಿದೆ. ಕುಕ್ಕರು ಮಾರುವವರು ಬಂದರು, ಕುಕ್ಕರಿನ ರಬ್ಬರು ಮಾರುವವರು ಬಂದರು, ನನ್ನ ಸಾಲು ಎಲ್ಲೂ ಬರಲಿಲ್ಲ. ಜಗತ್ತಿನಲ್ಲೇ ಇಲ್ಲ ಎಂದಾಯಿತು. ಎಂಟು ದಿನ ಮುಚ್ಚಿಡುವ ಬದಲು ಎಂಟು ನಿಮಿಷ ಮುಚ್ಚಿಟ್ಟೆ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ "ಆಕುರ್ಡಿ ಸಿಗ್ನಲ್, ಕಿಟಕಿ ಸೀಟು, ಮೆಂತ್ಯೆ" ಎಂದು ಬರೆದೆ.

ಭಾನುವಾರ ಅಕ್ಕೋರು ಎಲ್ಲರ ಕತೆಗಳನ್ನು ಗಟ್ಟಿಯಾಗಿ ಓದಿದರು. ಖರಾಡಿಯವಳು ಬಂದಿರಲಿಲ್ಲ, ಪರೀಕ್ಷೆಯಂತೆ. ನನ್ನ ಕತೆಯ ಆ ಸಾಲು ಬಂದಾಗ ಮೊದಲು ಕೋಣೆ ಸುಮ್ಮನಾಯಿತು, ಆಮೇಲೆ ಎಲ್ಲರೂ ನಕ್ಕರು. ಫ್ಯಾನಿನ ಸದ್ದು ಕೇಳಿಸಲೇ ಇಲ್ಲ. ಅಕ್ಕೋರು ಕನ್ನಡಕ ಮೇಲೇರಿಸಿ ಅದನ್ನೇ ಮತ್ತೊಮ್ಮೆ ಓದಿದರು.

"ಭಾಳ ಛಲೋ ಅದ," ಎಂದರು. "ಒಳ್ಳೆ ಗುರ್ತಿನವರನ್ನ ಕಂಡಂಗ ಆತು. ಖರಾಡಿ ಹುಡುಗಿದು ಬರ್ಲಿ, ನೋಡೂಣು. ಸದ್ಯಕ್ಕ ಮೊದಲನೇ ಪುಟ ನಿಂದ."

ಆ ಸದ್ಯಕ್ಕೆ ಎಂಬ ಪದವನ್ನು ನಾನು ಮನೆಗೆ ಒಯ್ಯಲಿಲ್ಲ. ಅಲ್ಲೇ ಚಪ್ಪಲಿ ಗೂಡಿನಲ್ಲಿ ಬಿಟ್ಟು ಬಂದೆ.

ಬುಧವಾರ ಅವಳ ಅಪ್ಪ ಆಫೀಸಿನ ದಾರಿಯಲ್ಲಿ ಅವಳ ಕತೆಯ ಲಕೋಟೆಯನ್ನು ಅಕ್ಕೋರಿಗೆ ಕೊಟ್ಟು ಹೋದರು. ಅಕ್ಕೋರು ಅದನ್ನು ಒಡೆಯದೆಯೇ ನಕಲಿಗೆಂದು ನನಗೆ ಕಳಿಸಿದರು. ಈ ಸಲ ಪೂರ್ಣವಿರಾಮವನ್ನೇ ಹಾಕಬಾರದೆಂದು ನಿಶ್ಚಯಿಸಿ ಓದಲು ಕುಳಿತೆ. ಮೈಸೂರಿನಿಂದ ಖರಾಡಿಯ ಫ್ಲ್ಯಾಟಿಗೆ ಬಂದ ಅಜ್ಜಿ, ಅಜ್ಜಿಯ ಸಾರಿಗೆ ಉಪ್ಪಿಲ್ಲ, ಆದರೂ ಎಲ್ಲರೂ ಹೊಗಳುತ್ತಿದ್ದಾರೆ. ಎರಡನೆಯ ಪುಟ, ನಡುವೆ:

"ಕುಕ್ಕರ್ ಮೊದಲನೇ ಸಲ ಕೂಗಿದಾಗ ಮನೆಯವರೆಲ್ಲ ಸುಮ್ಮನಾದರು, ಯಾರೋ ನಿಜ ಹೇಳಿಬಿಟ್ಟ ಹಾಗೆ."

ನನಗೆ ಬಂದದ್ದು ಸಿಟ್ಟಲ್ಲ, ಆನಂದ. ಮೂರು ವರ್ಷದಿಂದ ಇದಕ್ಕಾಗಿಯೇ ಕಾಯುತ್ತಿದ್ದೆನೇನೋ ಎನ್ನುವಷ್ಟು ಆನಂದ. ಕಳ್ಳಿ. ಭಾನುವಾರ ಬಂದಿದ್ದ ಯಾರೋ ಫೋನು ಮಾಡಿ ನನ್ನ ಸಾಲು ಹೇಳಿದ್ದಾರೆ, ಇವಳು ಮೂರನ್ನು ಒಂದು ಮಾಡಿ ಹಾಕಿಕೊಂಡಿದ್ದಾಳೆ. ಕದ್ದವರು ಹಾಗೇ ಅಲ್ಲವೇ, ಬಣ್ಣ ಬದಲಿಸುತ್ತಾರೆ. ಅದೂ ಸಪ್ಪೆಯಾಗಿ. ಮೊದಲನೇ ಸೀಟಿಗೆ ಯಾರು ಸುಮ್ಮನಾಗುತ್ತಾರೆ? ಮೊದಲನೆಯದಕ್ಕೆ ಯಾರೂ ತಿರುಗಿಯೂ ನೋಡುವುದಿಲ್ಲ. ಮೂರನೆಯದಕ್ಕೆ ಗ್ಯಾಸ್ ಆರಿಸಲು ಏಳಬೇಕು, ಆಗಲೇ ಮಾತು ನಿಲ್ಲುವುದು. ಇಷ್ಟೂ ತಿಳಿಯದವಳು ಮೊದಲನೇ ಪುಟದ ರಾಣಿ.

ಮುಂದಿನ ಭಾನುವಾರದವರೆಗೆ ನಾನು ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಒಬ್ಬರಿಗೂ ಹೇಳಲಿಲ್ಲ. ಹೇಳಿದ್ದು ಆರು ಜನರಿಗೆ ಮಾತ್ರ.

ಭಾನುವಾರ ಕಾರು ಮೆತ್ತಗೆ ಬಂತು, ಕೋಡುಬಳೆ ಬಂತು, ಅವಳು ಬಂದಳು. ಎಲ್ಲರೂ ಚಾಪೆಯ ಮೇಲೆ ಕುಳಿತ ಮೇಲೆ ನಾನು ಎದ್ದು ನಿಂತೆ. ಎರಡೂ ಕತೆಗಳನ್ನು ಎರಡು ಕೈಯಲ್ಲಿ ಹಿಡಿದು, ವಕೀಲರು ಹಿಡಿಯುತ್ತಾರಲ್ಲ ಹಾಗೆ, ಎರಡೂ ಸಾಲುಗಳನ್ನು ಓದಿದೆ.

"ಅಕ್ಕೋರ, ಇಕಿ ನನ್ನ ಸಾಲು ಕದ್ದಾಳ್ರಿ," ಎಂದೆ. "ನಂದು ಓದಿದ್ದು ಹೋದ ಐತವಾರ. ಇಕಿ ಕೊಟ್ಟಿದ್ದು ಬುಧವಾರ. ಲೆಕ್ಕಾ ನೀವ ಹಾಕ್ರಿ. ಕಳ್ಳಿ ಅಂತೀನಿ ನಾನಂತೂ."

ಅವಳು ಅಳುತ್ತಾಳೆಂದು ಕಾದೆ. ಅವಳು ನನ್ನನ್ನು ನೋಡಿದ ರೀತಿ ಬೇರೆಯಿತ್ತು, ಕಳೆದ ಕೊಡೆಯನ್ನು ಬೇರೆಯವರ ಕೈಯಲ್ಲಿ ನೋಡಿದ ಹಾಗೆ.

"ನಾನದನ್ನ ಹೋದ್ ವರ್ಷಾನೇ ಬರ್ದಿದ್ದು ಕಣೆ," ಎಂದಳು. "ಅಜ್ಜಿ ಕತೆದು ಮೊದಲನೇ ಭಾಗದಲ್ಲಿತ್ತು. ಇದು ಎರಡನೇ ಭಾಗ. ಅದಕ್ಕೇ ಅದೇ ಲೈನ್ ಮತ್ತೆ ತಂದೆ."

"ಸುಳ್ಳು."

"ನೀನೇ ಅಲ್ವಾ ಅದನ್ನ ಕಾಪಿ ಮಾಡಿದ್ದು?"

ಯಾರೋ ನಕ್ಕರು. ಅಕ್ಕೋರು ಎದ್ದು ಕಪಾಟಿನಿಂದ ಹೋದ ಯುಗಾದಿಯ ಸಂಚಿಕೆ ತೆಗೆದರು. ಝೆರಾಕ್ಸ್ ಅಲ್ಲ, ಮೂಲಪ್ರತಿ. ನನ್ನ ಕೈಬರಹ. ಮೊದಲನೇ ಪುಟದಿಂದ ಶುರುವಾದ ಅವಳ ಕತೆಯ ನಾಲ್ಕನೆಯ ಪುಟ ತೆರೆದು ನನ್ನ ಮುಂದಿಟ್ಟರು. ಸೊಳ್ಳೆಯ ಕಣ್ಣಿನಷ್ಟು ಪೂರ್ಣವಿರಾಮಗಳ ನಡುವೆ, ನನ್ನ ಮುದ್ದಾದ ಅಕ್ಷರದಲ್ಲಿ, "ಕುಕ್ಕರ್ ಮೂರನೇ ಸಲ ಕೂಗಿದಾಗ" ಎಂದು ಶುರುವಾಗಿ, ನಿಜ ಹೇಳಿಬಿಟ್ಟ ಹಾಗೆ ಎಂದು ಮುಗಿದಿತ್ತು.

ನನಗೆ ಬಸ್ಸು ನೆನಪಿತ್ತು, ಮೆಂತ್ಯೆ ನೆನಪಿತ್ತು. ಈ ಪುಟ ಬರೆದದ್ದು ಮಾತ್ರ, ಪ್ರಮಾಣ ಮಾಡುತ್ತೇನೆ, ಒಂದಿಷ್ಟೂ ನೆನಪಿರಲಿಲ್ಲ. ಅಷ್ಟೂ ಪುಟಗಳನ್ನು ಎರಡು ಸಂಜೆಯಲ್ಲಿ ಮುಗಿಸುತ್ತಿದ್ದೆ. ಕಣ್ಣು ತಲೆಕಟ್ಟಿನ ಮೇಲೆ, ಒತ್ತಕ್ಷರದ ಮೇಲೆ. ಮಾತು ಯಾರದು ಎಂದು ಯಾರು ನೋಡುತ್ತಾರೆ?

"ಮೂರನೇದು ಅಂತ ಅದ ಇಲ್ಲಿ," ಎಂದು ನಾನು ಕೊನೆಯ ಕಡ್ಡಿ ಹಿಡಿದೆ. "ಅಕಿ ಬರದಿದ್ದು ಮೊದಲನೇದು. ಇದು ಬ್ಯಾರೇನ ಅದ."

ಅಕ್ಕೋರು ಫೈಲಿನಿಂದ ಅವಳ ಹೋದ ವರ್ಷದ ಹಾಳೆಗಳನ್ನೂ ತೆಗೆದರು. ಅಲ್ಲಿ "ಮೊದಲನೇ ಸಲ" ಇತ್ತು. ಅಂದರೆ ನಕಲು ಮಾಡುವಾಗ ತಿದ್ದಿದವಳು ನಾನು.

"ಅದಕ್ಕ ಇದು ನಿಂದು ಅನಿಸ್ತು ನಿಂಗ," ಎಂದರು ಅಕ್ಕೋರು, ಬೈಯುವ ದನಿಯಲ್ಲಲ್ಲ. "ಮಂದಿ ಮಾತನ್ನ ಸುಮ್ಮ ಓದಿದ್ರ ಒಂದು ತರ. ಕೈಲೆ ಬರದು, ಮ್ಯಾಲ ಛಲೋ ಮಾಡಿ ತಿದ್ದಿದ್ರ ಇನ್ನೊಂದು ತರ. ತಿದ್ದಿದ ಕೈಗೆ ಅದು ತನ್ನದ ಅನಸ್ತದ. ಸಾಲು ತಲ್ಯಾಗ ಉಳೀತದ, ಅದರ ವಿಳಾಸ ಅಳಿಸಿ ಹೋಗ್ತದ. ಆಮ್ಯಾಲ ಒಂದಿನ ಬಾಗಿಲು ಬಡೀತದ, ನೀ ಹೊಸಾ ಮಂದಿ ಬಂದ್ರು ಅಂತ ಚಹಾ ಮಾಡ್ತಿ."

"ನಾ ಬೇಕಂತ ಮಾಡಿಲ್ರಿ."

"ಗೊತ್ತದ. ಬೇಕಂತ ಮಾಡಿದವ್ರು ಎದ್ದು ನಿಂತು ಇನ್ನೊಬ್ಬರಿಗೆ ಕಳ್ಳಿ ಅನ್ನೂದಿಲ್ಲ. ಅಷ್ಟು ಧೈರ್ಯ ಇರೂದು ಮರತವರಿಗೇ." ಅವರು ಕನ್ನಡಕ ಒರೆಸಿಕೊಂಡರು. "ನನ್ನ ತಪ್ಪೂ ಅದ. ಹೋದ ಐತವಾರ ಓದಿದಾಗ ಗುರ್ತಿನವರನ್ನ ಕಂಡಂಗ ಆತು ಅಂದ್ನಿ. ಯಾರ ಗುರ್ತು ಅಂತ ವಿಚಾರ ಮಾಡ್ಲಿಲ್ಲ. ಕೇಳಿದ್ದು ಮತ್ತೊಮ್ಮೆ ಕೇಳಿದ್ರ ಛಲೋ ಅನಸ್ತದ, ಅದನ್ನ ನಾ ಕತಿಯ ಗುಣ ಅಂದ್ಕೊಂಡೆ. ಶಾಲ್ಯಾಗ ಕಲಸೂವಾಗ ನಾನೂ ವಾರ್ಷಿಕ ಗ್ಯಾದರಿಂಗಿಗೆ ಒಂದು ಪದ್ಯಾ ಬರದಿದ್ದೆ. ಎರಡು ಸಾಲು ಹಿಂದಿನ ವರ್ಷದ ಹುಡುಗನ ನಿಬಂಧದಾಗ ಇದ್ವು, ನಾನ ತಪಾಸ ಮಾಡಿ ಅಂಕಾ ಕೊಟ್ಟಿದ್ದೆ. ಆವತ್ತಿಂದ ಈ ಕೆಂಪು ಪುಸ್ತಕ. ಎಲ್ಲಿ, ನಿಂದ ತಗಿ."

ತೆಗೆಯಲು ಮನಸ್ಸಿರಲಿಲ್ಲ. ತೆಗೆದೆ. ಅವರು ಹೋದ ಯುಗಾದಿಯ ಪುಟ ಹುಡುಕಿ ಗಟ್ಟಿಯಾಗಿ ಓದಿದರು. ಐದನೇ ಕ್ಲಾಸಿನ ಹುಡುಗ ಬೆಕ್ಕಿನ ಬಗ್ಗೆ ಬರೆದ ಸಾಲು, ಹೆಸರು ಸಮೇತ. ಚಿಂಚವಡದ ಅಕ್ಕ-ತಂಗಿಯರ ಒಗಟು, ಹೆಸರು ಸಮೇತ. ಯಾರದೋ ಅಪ್ಪ ಬರೆದ ಲೋಕಲ್ ಟ್ರೇನಿನ ಜೋಕು ಕೂಡ. ಖರಾಡಿಯವಳದು ಒಂದೂ ಇಲ್ಲ. ಗಣಪತಿ ಸಂಚಿಕೆ, ದೀಪಾವಳಿ ಸಂಚಿಕೆ, ಅದರ ಹಿಂದಿನ ವರ್ಷ, ಎಲ್ಲೂ ಇಲ್ಲ. ಮೂರು ವರ್ಷದಲ್ಲಿ ಅವಳ ಹೆಸರನ್ನು ನಾನು ಒಮ್ಮೆಯೂ ಆ ಪುಸ್ತಕಕ್ಕೆ ಬಿಟ್ಟುಕೊಂಡಿರಲಿಲ್ಲ.

"ಇಕೀದು ಒಂದೂ ಇಷ್ಟ ಆಗ್ಲಿಲ್ಲೇನ ನಿಂಗ?" ಕೇಳಿದರು ಅಕ್ಕೋರು.

ಸುಳ್ಳು ಹೇಳುವುದು ನನಗೆ ಕಷ್ಟವಲ್ಲ. ಆದರೆ ಚಾಪೆಯ ಮೇಲೆ ಎಲ್ಲರೂ ಬಾಯಲ್ಲಿದ್ದ ಕೋಡುಬಳೆಯನ್ನು ಕಡಿಯದೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

"ಎಲ್ಲಾ ಇಷ್ಟ ಆಗ್ತಿದ್ವು," ಎಂದೆ. "ಅದಕ್ಕ ಬರೀಲಿಲ್ಲ."

ಖರಾಡಿಯವಳು ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡು "ಮೂರನೇ" ಎಂಬ ಪದದ ಮೇಲೆ ಬೆರಳಿಟ್ಟಳು.

"ಪ್ರಿಂಟ್ ನೋಡ್ದಾಗ ನಂಗೆ ಎಷ್ಟ್ ಕೋಪ ಬಂದಿತ್ತು ಗೊತ್ತಾ," ಎಂದಳು. "ಮಿಸ್ ತಿದ್ದಿದ್ದಾರೆ ಅಂದ್ಕೊಂಡು ಸುಮ್ನಿದ್ದೆ. ಮೂರನೇದೇ ಚೆನ್ನಾಗಿದೆ. ನಂಗ್ಯಾಕೆ ಹೊಳೀಲಿಲ್ಲ ಅಂತ ಒಂದ್ ವರ್ಷ ಉರ್ಕೊಂಡಿದೀನಿ. ಅದಕ್ಕೇ ಹಟ ಮಾಡಿ ಈ ಸಲ ವಾಪಸ್ ಮೊದಲನೇದು ಅಂತಾನೇ ಬರ್ದೆ."

ಇದನ್ನು ಕೇಳಿ ನನಗೆ ಆದ ಸಂತೋಷವನ್ನು ಮರೆಮಾಡಲು ನಾನು ಕೆಮ್ಮಬೇಕಾಯಿತು. ಅವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚು. ಅದೂ ಪೂರ್ತಿ ಒಂದು ವರ್ಷದ್ದು. ಒಂದು ಸಂಖ್ಯೆಯ ಮೇಲೆ. ತಕ್ಷಣ ನನ್ನ ತಲೆ ಓಡತೊಡಗಿತು.

"ಹಂಗಾದ್ರ ಅರ್ಧಾ ನಂದು, ಅರ್ಧಾ ನಿಂದು," ಎಂದೆ. "ನಿಜಾ ಹೇಳಿದಂಗ ಅನ್ನೂದು ನಿಂದು. ಮೂರನೇ ಸೀಟಿ ನಂದು."

"ಮೂರು ಅನ್ನೋದನ್ನ ಇಟ್ಕೊಂಡು ಏನ್ ಮಾಡ್ತೀಯಾ ನೀನು?"

"ನಿಂಗ ಬೇಕಾದ್ರ ಕೇಳು, ಕೊಡ್ತೀನಿ. ಮೊದಲನೇ ಪುಟ ನಂಗ ಬಿಡು."

ಅವಳಿಗೆ ನಗು ಬಂತು, ತಡೆದುಕೊಂಡಳು. ಅಕ್ಕೋರು ನನ್ನ ಕತೆಯನ್ನು ಕೈಗೆತ್ತಿಕೊಂಡು ಆ ಒಂದು ಸಾಲಿನ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದರು.

"ಇದನ್ನ ತಗದು ಓದಿ ನೋಡೂಣು. ಉಳಿದದ್ದು ನಿಂತ್ರ ಮೊದಲನೇ ಪುಟಕ್ಕ ಹಾಕೂಣು, ಅದಕ್ಕೇನಂತ. ಆದ್ರ ಉಳಿದ ಸಾಲು ಒಂದೊಂದೂ ಎಲ್ಲಿಂದ ಬಂತು ಹೇಳಬೇಕು. ಕೂಡು."

ನಾನು ಕುಳಿತೆ. ಮೊದಲನೆಯ ಸಾಲು, ದೊಡ್ಡಪ್ಪ ನಿಜಕ್ಕೂ ಆಡಿದ ಮಾತು, ಅದು ನಮ್ಮ ಮನೆಯದು, ಪಾಸು. ಎರಡನೆಯದು ನಾಲ್ಕು ಸಲ ಹೊಡೆದು ಬರೆದದ್ದು, ಕಾಟು ಇನ್ನೂ ಕಾಣುತ್ತಿತ್ತು, ಪಾಸು. ಮೂರನೆಯದನ್ನು ಎರಡು ಸಲ ಓದಿದೆ. ಅದೂ ಓಡಿ ಬಂದದ್ದೇ. ಎಲ್ಲಿಂದ ಎಂದು ಯೋಚಿಸಿದಷ್ಟೂ ಎಲ್ಲ ಸಾಲುಗಳೂ ಯಾರೋ ಗೊತ್ತಿರುವವರ ಮುಖದಂತೆ ಕಾಣತೊಡಗಿದವು. ಆದರೂ ಲೆಕ್ಕ ಹಾಕಿದೆ: ಇನ್ನು ಇಪ್ಪತ್ತು ಸಾಲು, ಅರ್ಧಕ್ಕರ್ಧ ಪಾಸಾದರೂ ಪುಟ ತುಂಬುತ್ತದೆ, ಅಕ್ಷರ ಸ್ವಲ್ಪ ದಪ್ಪ ಬರೆದರಾಯಿತು. ಖರಾಡಿಯವಳು ಪಕ್ಕಕ್ಕೆ ಸರಿದು, ತನಗೆ ಗೊತ್ತಿಲ್ಲದೆಯೇ, ನನ್ನ ಪೆನ್ಸಿಲ್ಲು ಹಿಡಿದು ಸಹಾಯಕ್ಕೆ ಕುಳಿತಿದ್ದಳು. ಮೊದಲನೇ ಪುಟ ಇನ್ನೂ ನನ್ನ ಕೈಗೆಟಕುವ ದೂರದಲ್ಲೇ ಇತ್ತು.

ಆಗ ಬಾಗಿಲಲ್ಲಿ ಅವ್ವ ನಿಂತಿದ್ದಳು. ಮನೆಯ ಕೀಲಿಯನ್ನು ನಾನು ಕಿಸೆಯಲ್ಲಿಟ್ಟುಕೊಂಡು ಬಂದಿದ್ದೆ, ಅದಕ್ಕೆ ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಅವಳ ಮುಖ ನೋಡಿದರೆ ಕಳ್ಳಿ ಎಂಬಲ್ಲಿಂದಲೇ ಇರಬೇಕು.

"ಕೀಲಿ ಕೊಡು," ಎಂದಳು. ಕೊಟ್ಟೆ. "ಈಗ ಆ ಹುಡುಗಿ ಮಾರಿ ನೋಡಿ, ತಪ್ಪಾತು ಅನ್ನು."

"ಅವ್ವಾ, ಅದು ಮುಗದದ. ಈಗ ನಾವು ಸಾಲು..."

"ನಾ ಏನ್ ಅಂದೆ?"

ತಪ್ಪಾಯಿತು ಎಂದೆ. ಖರಾಡಿಯವಳು ಪರವಾಗಿಲ್ಲ ಎಂದಳು. ಅವ್ವ ಅಕ್ಕೋರ ಕೈಯಿಂದ ನನ್ನ ಕತೆಯನ್ನು ಕೇಳಿ ತೆಗೆದುಕೊಂಡು, ನಾಲ್ಕಾಗಿ ಮಡಚಿ, ತರಕಾರಿ ಚೀಲದಲ್ಲಿ ಹಾಕಿದಳು.

"ಈ ಸಲ ಇಕೀದು ಬ್ಯಾಡ್ರಿ ಅಕ್ಕೋರ. ಮೊದಲನೇ ಪುಟಕ್ಕ ಅಕೀದ ಇಡ್ರಿ," ಎಂದಳು. "ನಕಲು ಮಾತ್ರ ಇಕೀನ ಮಾಡ್ತಾಳ. ಅಕಿ ಹೆಂಗ ಬರದಾಳೋ ಹಂಗ."